ತಮ್ಮನ ಫೀಸಿಗೆ ನಿಮ್ಮ ಹೆಸರಲ್ಲಿ ಪರ್ಸನಲ್ ಲೋನ್ ಯಾಕ್ರೀ?

ನಮಸ್ಕಾರ. ಇವತ್ತು ಇನ್ಶೂರೆನ್ಸ್ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಅದನ್ನು ಮುಂದಿನ ವಾರಕ್ಕೆ ತಳ್ಳಿದ್ದೇನೆ. ಯಾಕೆಂದರೆ ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ, ಅದನ್ನು ಓದಿದ ಮೇಲೆ ಟೀ ಕೂಡ ಗಂಟಲಲ್ಲಿ ಇಳಿಯಲಿಲ್ಲ. ಓದುತ್ತೇನೆ ಕೇಳಿ.

"ಸರ್, ನಾನು ಆರು ಲಕ್ಷ ಪರ್ಸನಲ್ ಲೋನ್ ತೆಗೆದು ತಮ್ಮನನ್ನು ಇಂಜಿನಿಯರಿಂಗ್ ಸೇರಿಸಿದೆ. ನಿಮ್ಮ ಹಾಗೆ ಪೈಸೆ ಪೈಸೆ ಲೆಕ್ಕ ಹಾಕಲಿಲ್ಲ. ಅಣ್ಣ ಅಂದ್ರೆ ಇದು."

ಕೆಳಗೆ ಸಾಲು ಸಾಲು ಚಪ್ಪಾಳೆ, ಹೃದಯ, ಕೈಮುಗಿಯುವ ಇಮೋಜಿ. ಸ್ವಾಮಿ, ನಿಮ್ಮ ಪ್ರೀತಿಯ ಬಗ್ಗೆ ನನ್ನ ತಕರಾರಿಲ್ಲ. ತಮ್ಮನನ್ನು ಓದಿಸಿ. ತಂಗಿಯನ್ನೂ ಓದಿಸಿ. ನಾನು ಕೇಳುವುದು ಒಂದೇ. ಪರ್ಸನಲ್ ಲೋನ್ ಯಾಕೆ? ಅದೂ ನಿಮ್ಮ ಹೆಸರಲ್ಲಿ ಯಾಕೆ? ಓದುವವನು ಅವನು. ಸಾಲವೂ ಅವನ ಹೆಸರಲ್ಲಿ ಇರಲಿ. ಅವನು ಓದುವಷ್ಟು ದಿನ ಬಡ್ಡಿ ನೀವು ಕಟ್ಟಿ. ಇಷ್ಟೇ ಇವತ್ತಿನ ವಿಡಿಯೋ. ಈಗಲೇ ಎದ್ದು ಹೋಗುವವರು ಹೋಗಬಹುದು, ಆದರೆ ಹೋಗುವ ಮೊದಲು ಸಬ್‌ಸ್ಕ್ರೈಬ್ ಮಾಡಿ ಹೋಗಿ.

ಇದ್ದೀರಲ್ಲ? ಸರಿ, ಲೆಕ್ಕ ನೋಡೋಣ.

ದಾವಣಗೆರೆ ಕಡೆಯ ಒಬ್ಬ ಹುಡುಗಿ ನನಗೆ ಮೇಲ್ ಮಾಡಿದ್ದಳು. ಬೆಂಗಳೂರಿನಲ್ಲಿ ಕೆಲಸ, ಕೈಗೆ 42,000 ರೂಪಾಯಿ ಬರುತ್ತದೆ. ಪಿಜಿಗೆ 10,000. ಓಡಾಟ, ಮೊಬೈಲು, ಬಟ್ಟೆ ಬರೆ ಎಂದು 8,000. ಊರಿಗೆ 6,000. ಉಳಿಯುವುದು 18,000. ಅವಳ ತಮ್ಮನಿಗೆ ಸಿಇಟಿಯಲ್ಲಿ ಬಿಇ ಸೀಟು ಸಿಕ್ಕಿದೆ. ಫೀಸು, ಹಾಸ್ಟೆಲ್ ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಲಕ್ಷ, ನಾಲ್ಕು ವರ್ಷಕ್ಕೆ ಆರು ಲಕ್ಷ. ಅವಳಿಗೂ ಒಂದು ಆಸೆ ಇದೆ. ಎರಡು ವರ್ಷದ ನಂತರ ಕೆಲಸ ಬಿಟ್ಟು ಎಂಬಿಎ ಮಾಡಬೇಕು.

ಮನೆಯಲ್ಲಿ ಏನಂದರು ಗೊತ್ತಾ? "ನಿನಗೆ ಸ್ಯಾಲರಿ ಸ್ಲಿಪ್ ಇದೆಯಲ್ಲಮ್ಮ, ಲೋನ್ ತಕ್ಷಣ ಆಗುತ್ತೆ." ಇದು ಚಿಕ್ಕಪ್ಪನ ಸಲಹೆ. ಎಲ್ಲರ ಮನೆಯಲ್ಲೂ ಒಬ್ಬ ಚಿಕ್ಕಪ್ಪ ಇರುತ್ತಾರೆ. ಸಲಹೆ ಅವರದು, ಸಹಿ ನಮ್ಮದು.

ಆರು ಲಕ್ಷ ಪರ್ಸನಲ್ ಲೋನ್, ಶೇ 14 ಬಡ್ಡಿ, ಐದು ವರ್ಷ ಎಂದುಕೊಳ್ಳಿ. ತಿಂಗಳ ಕಂತು ಹತ್ತಿರ ಹತ್ತಿರ 14,000. ಮುಂದಿನ ತಿಂಗಳಿಂದಲೇ ಶುರು. ಕಾಲೇಜು ಈ ವರ್ಷ ಕೇಳುವುದು ಒಂದೂವರೆ ಲಕ್ಷ ಮಾತ್ರ. ಉಳಿದ ನಾಲ್ಕೂವರೆ ಲಕ್ಷ ಎಲ್ಲಿರುತ್ತದೆ? ಸೇವಿಂಗ್ಸ್ ಖಾತೆಯಲ್ಲಿ ಮಲಗಿರುತ್ತದೆ. ನೀವು ಶೇ 14 ಕಟ್ಟುತ್ತಾ ಇರುತ್ತೀರಿ. ಮಲಗಿದ್ದರೆ ಒಳ್ಳೆಯದೇ, ಬಹಳಷ್ಟು ಸಲ ಅದು ಎದ್ದು ಹೋಗಿ ಮನೆಯ ಮಾಳಿಗೆಗೆ ಶೀಟ್ ಹಾಕಿಸಿಕೊಂಡು ಬರುತ್ತದೆ.

ಈಗ ಇನ್ನೊಂದು ದಾರಿ. ತಮ್ಮನ ಹೆಸರಲ್ಲಿ ಎಜುಕೇಶನ್ ಲೋನ್, ಅಪ್ಪ ಜಂಟಿ ಸಾಲಗಾರ. ಬ್ಯಾಂಕು ಆರು ಲಕ್ಷ ಒಟ್ಟಿಗೆ ಕೊಡುವುದಿಲ್ಲ. ವರ್ಷ ವರ್ಷ ಕಾಲೇಜಿಗೇ ಫೀಸು ಕಳಿಸುತ್ತದೆ. ತೆಗೆದಷ್ಟು ಹಣಕ್ಕೆ ಮಾತ್ರ ಬಡ್ಡಿ. ಶೇ 10 ಎಂದು ಇಟ್ಟುಕೊಂಡರೆ ಮೊದಲ ವರ್ಷ ತಿಂಗಳಿಗೆ 1,250 ರೂಪಾಯಿ. ಎರಡನೇ ವರ್ಷ 2,500. ಮೂರನೇ ವರ್ಷ 3,750. ಕೊನೆಯ ವರ್ಷ 5,000. ಅಸಲು ಕಟ್ಟುವುದು ಕೋರ್ಸ್ ಮುಗಿದು ಒಂದು ವರ್ಷ ಆದ ಮೇಲೆ. ಆಗ ಕಟ್ಟುವವನು ಯಾರು? ಕೆಲಸಕ್ಕೆ ಸೇರಿದ ತಮ್ಮ. ಏಳು ವರ್ಷಕ್ಕೆ ಇಟ್ಟುಕೊಂಡರೆ ಅವನ ಕಂತು ಸುಮಾರು 10,000.

14,000 ಎಲ್ಲಿ, 1,250 ಎಲ್ಲಿ! ತಮ್ಮನ ಕೈಖರ್ಚಿಗೆ ತಿಂಗಳಿಗೆ 3,000 ಕೊಟ್ಟರೂ ಮೊದಲ ವರ್ಷ ಅವಳ ಹತ್ತಿರ ತಿಂಗಳಿಗೆ ಹದಿಮೂರು ಸಾವಿರದ ಮೇಲೆ ಉಳಿಯುತ್ತದೆ. ಎರಡು ವರ್ಷಕ್ಕೆ ಮೂರು ಲಕ್ಷ ದಾಟುತ್ತದೆ. ಪರ್ಸನಲ್ ಲೋನ್ ಆಗಿದ್ದರೆ? ತಿಂಗಳಿಗೆ ಒಂದು ಸಾವಿರ. ಅದರಲ್ಲಿ ಎಂಬಿಎ ಫಾರ್ಮ್ ಬರುತ್ತದೆ, ಎಂಬಿಎ ಬರುವುದಿಲ್ಲ.

ಈಗ ಬುದ್ಧಿವಂತರು ಬರುತ್ತಾರೆ. "ಸರ್, ಒಟ್ಟು ಬಡ್ಡಿ ನೋಡಿ, ಎಜುಕೇಶನ್ ಲೋನ್‌ನಲ್ಲೇ ಜಾಸ್ತಿ." ಹೌದಪ್ಪಾ, ಜಾಸ್ತಿ. ಈ ಲೆಕ್ಕದಲ್ಲಿ ಪರ್ಸನಲ್ ಲೋನ್ ಬಡ್ಡಿ ಎರಡು ಲಕ್ಷದ ನಲವತ್ತು ಸಾವಿರದ ಹತ್ತಿರ. ಎಜುಕೇಶನ್ ಲೋನ್‌ನಲ್ಲಿ ಓದುವಾಗ, ಮುಗಿದ ಮೇಲಿನ ಒಂದು ವರ್ಷವೂ ಸೇರಿ, ಎರಡು ಲಕ್ಷದ ಹತ್ತು ಸಾವಿರ, ಆಮೇಲೆ ತಮ್ಮ ಕಟ್ಟುವುದು ಇನ್ನೊಂದು ಎರಡು ಲಕ್ಷದ ಮೂವತ್ತೇಳು ಸಾವಿರ. ಹೆಚ್ಚು ವರ್ಷ ಸಾಲ ಇಟ್ಟುಕೊಂಡರೆ ಬಡ್ಡಿ ಹೆಚ್ಚೇ. ಆದರೆ ಯಾರ ಜೇಬಿನಿಂದ ಎಷ್ಟು, ಯಾವಾಗ ಹೋಗುತ್ತದೆ ನೋಡಿ. ಪರ್ಸನಲ್ ಲೋನ್‌ನಲ್ಲಿ ಅಕ್ಕ ಕಟ್ಟುವುದು ಅಸಲು ಸೇರಿ ಎಂಟು ಲಕ್ಷದ ಮೇಲೆ. ಇಲ್ಲಿ ಎರಡು ಲಕ್ಷ ಚಿಲ್ಲರೆ. ಕ್ಯಾಲ್ಕುಲೇಟರ್ ಹಿಡಿದವರು ಪೂರ್ತಿ ಒತ್ತಬೇಕು ಅಲ್ವಾ?

ಇನ್ನೂ ಒಂದು ಮಾತಿದೆ, ಇದು ದುಡ್ಡಿಗಿಂತ ಮುಖ್ಯ. ಪರ್ಸನಲ್ ಲೋನ್ ಕಂತು ನಿಲ್ಲುವುದಿಲ್ಲ. ನೀವು ಕೆಲಸ ಬಿಡಿ, ಓದಲು ಹೋಗಿ, ಕಾಯಿಲೆ ಬಿದ್ದು ಮಲಗಿ, ಐದನೇ ತಾರೀಖು ಬಂದರೆ ದುಡ್ಡು ಹೋಗಲೇಬೇಕು. ಅಂದರೆ ಆ ಸಾಲ ನಿಮ್ಮನ್ನು ಐದು ವರ್ಷ ಅದೇ ಕುರ್ಚಿಗೆ ಕಟ್ಟಿ ಹಾಕುತ್ತದೆ. ಎಜುಕೇಶನ್ ಲೋನ್‌ನಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ಓದುವ ಕಾಲದಲ್ಲಿ ಬಡ್ಡಿ ಕಟ್ಟುವುದು ನಿಮ್ಮ ಇಷ್ಟ. ಕಟ್ಟದೇ ಇದ್ದರೆ ಅದು ಸರಳ ಬಡ್ಡಿಯಾಗಿ ಸೇರುತ್ತಾ ಹೋಗಿ, ಕಂತು ಶುರುವಾಗುವಾಗ ಅಸಲಿಗೆ ಸೇರುತ್ತದೆ. ಕಟ್ಟುತ್ತಾ ಹೋದರೆ ಕೆಲವು ಬ್ಯಾಂಕುಗಳು ದರದಲ್ಲಿ ಶೇ 1 ಇಳಿಸುತ್ತವೆ. ಹಾಗಾಗಿ ದಾವಣಗೆರೆ ಹುಡುಗಿ ಎಂಬಿಎಗೆ ಹೋದ ಎರಡು ವರ್ಷ ಬಡ್ಡಿ ನಿಲ್ಲಿಸಿದರೂ ಬ್ಯಾಂಕಿನವರು ಮನೆಗೆ ಬರುವುದಿಲ್ಲ. ಸಾಲ ಸ್ವಲ್ಪ ಬೆಳೆಯುತ್ತದೆ, ಅಷ್ಟೇ. ಸಹಿ ಹಾಕುವ ಮೊದಲು ಸ್ಯಾಂಕ್ಷನ್ ಲೆಟರ್‌ನಲ್ಲಿ ಇದು ಬರೆದಿದೆಯಾ ಎಂದು ಮಾತ್ರ ಓದಿಕೊಳ್ಳಿ. ಕೆಲವು ಖಾಸಗಿ ಕಂಪನಿಗಳು ಮೊದಲ ತಿಂಗಳಿಂದಲೇ ಬಡ್ಡಿ ಕೇಳುತ್ತವೆ.

"ಅಡಮಾನಕ್ಕೆ ನಮ್ಮ ಹತ್ತಿರ ಏನಿದೆ ಸರ್?" ಏನೂ ಬೇಡ. ನಾಲ್ಕು ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಏಳೂವರೆ ಲಕ್ಷದವರೆಗೆ, ಸಾಲಕ್ಕೆ ಕೇಂದ್ರ ಸರ್ಕಾರವೇ ಬ್ಯಾಂಕಿಗೆ ಗ್ಯಾರಂಟಿ ಕೊಡುವ ಯೋಜನೆಯಡಿ, ಅಡಮಾನ ಇಲ್ಲದೆ ಸಾಲ ಕೊಡಬಹುದು. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಒಂದು ಅರ್ಜಿ ತುಂಬಿ. ಅಡ್ಮಿಷನ್ ಪತ್ರ, ಫೀಸಿನ ವಿವರ, ಮಾರ್ಕ್ಸ್ ಕಾರ್ಡು, ನಾಡಕಚೇರಿಯ ಆದಾಯ ಪ್ರಮಾಣಪತ್ರ ರೆಡಿ ಇಟ್ಟುಕೊಳ್ಳಿ. ಆದಾಯ ಪತ್ರ ಮರೆಯಬೇಡಿ. ಪೋಷಕರ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಇರುವ ಕಾಲೇಜಿನಲ್ಲಿ ವೃತ್ತಿಪರ ಕೋರ್ಸ್ ಆದರೆ, ಓದುವ ಕಾಲದ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಆಗ ಅಕ್ಕನ 1,250 ಕೂಡ ಉಳಿಯಿತು! 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಎಂದು ಇನ್ನೊಂದು ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಆಯ್ದ ಕಾಲೇಜುಗಳಿಗೆ, ಎಂಟು ಲಕ್ಷದೊಳಗಿನ ಆದಾಯದ ಮನೆಯವರಿಗೆ, ಶೇ 3 ಬಡ್ಡಿ ಸಹಾಯ. ಇದೆಲ್ಲ ಸಿಗುವುದು ವಿದ್ಯಾರ್ಥಿ ಸಾಲಕ್ಕೆ. ನಿಮ್ಮ ಪರ್ಸನಲ್ ಲೋನ್‌ಗೆ ಸಿಗುತ್ತದಾ? ಸಿಗುವುದು ಒಂದು ಎಸ್‌ಎಂಎಸ್, ಅದೂ ಕಂತು ತಪ್ಪಿದಾಗ.

ಮ್ಯಾನೇಜ್‌ಮೆಂಟ್ ಸೀಟಿಗೆ ಬ್ಯಾಂಕುಗಳು ಹಿಂದೆ ಮುಂದೆ ನೋಡುತ್ತವೆ, ಈ ಬಡ್ಡಿ ಸಹಾಯವೂ ಇಲ್ಲ. ಅಲ್ಲಿ ನನ್ನ ಮಾತು ಇಷ್ಟೇ: ಬ್ಯಾಂಕೇ ಹೆದರುವ ಸೀಟಿಗೆ ನೀವು ಒಬ್ಬರೇ ಯಾಕೆ ಧೈರ್ಯ ತೋರಿಸುತ್ತೀರಿ?

ತೆರಿಗೆ ಬಗ್ಗೆ ಒಂದು ಮಾತು. ಕಾಮೆಂಟ್ ಅಣ್ಣ ಇನ್ನೊಂದು ಸಾಲು ಬರೆದಿದ್ದಾರೆ, "ಎಜುಕೇಶನ್ ಲೋನ್ ನನ್ನ ಹೆಸರಲ್ಲೇ ತಗೊಂಡಿದ್ರೂ 80ಇ ವಿನಾಯಿತಿ ಸಿಗ್ತಿತ್ತು." ಇಲ್ಲ ಅಣ್ಣಾ. ಎಜುಕೇಶನ್ ಲೋನ್ ಬಡ್ಡಿ ಮೇಲಿನ ಆ ತೆರಿಗೆ ವಿನಾಯಿತಿ ನಿಮ್ಮ ಸ್ವಂತ ಓದಿಗೆ, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ, ಕಾನೂನಿನ ಪ್ರಕಾರ ನೀವೇ ಪೋಷಕರಾದ ವಿದ್ಯಾರ್ಥಿಗೆ. ಆ ಪಟ್ಟಿಯಲ್ಲಿ ತಮ್ಮ ಇಲ್ಲ, ತಂಗಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಂತೂ ಯಾರಿಗೂ ಇಲ್ಲ. ಸಾಲ ತಮ್ಮನ ಹೆಸರಲ್ಲಿದ್ದರೆ ಮುಂದೆ ಅವನು ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವಾಗ ಅವನಿಗೆ ಸಿಗುತ್ತದೆ. ನೋಡಿದಿರಾ, ಆದಾಯ ತೆರಿಗೆ ಇಲಾಖೆಯೂ ನನ್ನ ಪರ. ಸಾಲ ಓದುವವನ ಹೆಸರಲ್ಲಿ ಇರಲಿ!

ಜಂಟಿ ಸಾಲಗಾರರ ಜಾಗದಲ್ಲಿ ಅಪ್ಪ ಅಥವಾ ಅಮ್ಮ ಇರಲಿ. "ಅಪ್ಪನಿಗೆ ಐಟಿ ರಿಟರ್ನ್ ಇಲ್ಲ, ಮಗಳ ಸಹಿ ಹಾಕಿಸಿ" ಎಂದು ಬ್ರಾಂಚಿನಲ್ಲಿ ಸಲೀಸಾಗಿ ಹೇಳುತ್ತಾರೆ. ನೀವು ಜಂಟಿ ಸಾಲಗಾರರಾದರೂ, ಜಾಮೀನುದಾರರಾದರೂ, ಆ ಆರು ಲಕ್ಷ ನಿಮ್ಮ ಸಿಬಿಲ್ ವರದಿಯಲ್ಲಿ ಕೂರುತ್ತದೆ. ನಾಳೆ ಹೋಮ್ ಲೋನ್‌ಗೆ ಹೋದರೆ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ತಮ್ಮ ಕಂತು ತಪ್ಪಿಸಿದರೆ ನಿಮ್ಮ ಸ್ಕೋರ್ ಬೀಳುತ್ತದೆ. ಹಾಗಾಗಿ ಮೊದಲು ಆ ಗ್ಯಾರಂಟಿ ಯೋಜನೆ ಕೇಳಿ. ಆಗಲ್ಲ ಎಂದರೆ ಕಾರಣ ಬರೆದು ಕೊಡಿ ಎನ್ನಿ. ಬರೆದು ಕೊಡಿ ಎಂದ ತಕ್ಷಣ ಎಷ್ಟೋ ಫೈಲುಗಳಿಗೆ ಕಾಲು ಬರುತ್ತದೆ. ಈ ಸಾಲನ್ನು ನಾನೇ ಬರೆದದ್ದು, ಚೆನ್ನಾಗಿದೆ ಅನಿಸಿದರೆ ಲೈಕ್ ಒತ್ತಿ.

"ತಮ್ಮನಿಗೆ ಕೆಲಸ ಸಿಗದಿದ್ದರೆ?" ನೋಡಿ ಮಜಾ! ತಮ್ಮನ ಮೇಲೆ ಪ್ರೀತಿ ಬೆಟ್ಟದಷ್ಟು, ನಂಬಿಕೆ ಸಾಸಿವೆಯಷ್ಟೂ ಇಲ್ಲ. ಸಿಗದಿದ್ದರೆ ಅಪ್ಪನ ಮೇಲೆ ಬರುತ್ತದೆ, ಆಗ ನೀವು ಕೈ ಹಾಕುತ್ತೀರಿ. ನಿಮ್ಮ ಹೆಸರಲ್ಲಿದ್ದರೆ ಅವನಿಗೆ ಕೆಲಸ ಸಿಕ್ಕರೂ ನೀವೇ ಕಟ್ಟುತ್ತೀರಿ. ಯಾವುದು ವಾಸಿ?

"ಇಪ್ಪತ್ತೆರಡು ವರ್ಷದ ಹುಡುಗನ ತಲೆ ಮೇಲೆ ಸಾಲನಾ?" ನಿಮ್ಮ ತಲೆ ಮೇಲೆ ಇಪ್ಪತ್ತೈದಕ್ಕೆ ಹೊರಿಸಿದರಲ್ಲ, ಆಗ ಯಾರೂ ಲೊಚಗುಟ್ಟಲಿಲ್ಲ. ಕೆಲಸ ಸಿಕ್ಕಿದ ಮೊದಲ ತಿಂಗಳೇ ಇಎಂಐ ಮೇಲೆ ಐಫೋನ್ ತರುತ್ತಾನಲ್ಲ, ಆ ತಲೆಗೆ ಓದಿನ ಸಾಲ ಮಾತ್ರ ಭಾರವಾ?

"ಅಕ್ಕ ತಾಯಿ ಸಮಾನ." ಸಮಾನವೇ. ತಾಯಿಗೆ ಯಾರೂ ಪರ್ಸನಲ್ ಲೋನ್ ಕೊಡಿಸಲು ಕರೆದುಕೊಂಡು ಹೋಗುವುದಿಲ್ಲ. ಇದಕ್ಕಿಂತ ಜಾಸ್ತಿ ನನ್ನ ಹತ್ತಿರ ಉತ್ತರ ಇಲ್ಲ. ಬೇಕಾಗಿಯೂ ಇಲ್ಲ. ಅವನ ಹೆಸರಲ್ಲಿ ತೆಗೆಯಿರಿ, ಅಷ್ಟೇ! ನೂರು ಸಲ ಕೇಳಿದರೂ ಇದನ್ನೇ ಹೇಳುತ್ತೇನೆ. ಅವನ ಹೆಸರು ಇಲ್ಲವಾ? ಆಧಾರ್ ಕಾರ್ಡಿನಲ್ಲಿ ಇದೆಯಲ್ಲ?

ಅಕ್ಕಂದಿರು, ಅಣ್ಣಂದಿರು ಈ ವಿಡಿಯೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ. ನೇರವಾಗಿ ಹೇಳುವ ಧೈರ್ಯ ಇಲ್ಲದಿದ್ದರೆ "ಸುಮ್ನೆ ನೋಡಿ" ಎಂದು ಬರೆದು ಹಾಕಿ. ಚಿಕ್ಕಪ್ಪಂದಿರು ಬಯ್ಯುವುದಿದ್ದರೆ ಕೆಳಗೆ ಕಾಮೆಂಟಿನಲ್ಲಿ ಬಯ್ಯಿರಿ, ಎಲ್ಲವನ್ನೂ ಓದುತ್ತೇನೆ. ಬಯ್ಯುವಾಗ ನಿಮ್ಮ ಹೆಸರಲ್ಲಿ ಈಗ ಎಷ್ಟು ಸಾಲ ಇದೆ ಅನ್ನುವುದನ್ನೂ ಬರೆಯಿರಿ. ಮುಂದಿನ ವಾರ ಇನ್ಶೂರೆನ್ಸ್. ಬೆಲ್ ಒತ್ತಿಲ್ಲ ನೀವು, ನನಗೆ ಗೊತ್ತು.