ಹೊಡೆದದ್ದಕ್ಕೆ ಪಾಯಿಂಟಿಲ್ಲ ಸ್ವಾಮೀ!

ನಮಸ್ಕಾರ. ಫ್ರಾನ್ಸಿನ ಮಾರ್ಸೆಯಿಂದ ಮತ್ತೆ ನಾನೇ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಇಲ್ಲಿ ಹುಣಸೆಹಣ್ಣು ಎಲ್ಲಿ ಸಿಗತ್ತೆ ಅಂತ. ಅದನ್ನ ಮುಂದಿನ ವಾರಕ್ಕೆ ಇಟ್ಕೊಂಡಿದೀನಿ. ಯಾಕೆ ಅಂದ್ರೆ ಹೋದ ಚೆಂಡಾಟದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: 'ಸಾರ್, ನೀವು ಬರೀ ಉರುಳಿಸ್ತೀರ. ಅದು ಮುದುಕರ ಕೆಲಸ. ಧೈರ್ಯ ಇದ್ರೆ ಹೊಡೀರಿ.' ಅದಕ್ಕೆ ಇನ್ನೂರು ಚಿಲ್ಲರೆ ಲೈಕು. ನನ್ನ ವಿಡಿಯೊಗೇ ಅಷ್ಟು ಬಂದಿಲ್ಲ.

ಆ ವಿಡಿಯೊ ನೋಡದೇ ಇದ್ದವರಿಗೆ: ನಮ್ಮ ಬೀದಿ ಕೊನೆಯ ಮರಗಳ ಕೆಳಗೆ ಆಡ್ತೀವಲ್ಲ, ಪೆತಾಂಕ್, ಅದು. ಮುಷ್ಟಿಯಲ್ಲಿ ಹಿಡಿಯೋ ಉಕ್ಕಿನ ಚೆಂಡು, ಮುಕ್ಕಾಲು ಕೆಜಿ ಹತ್ತಿರ ತೂಕ. ಆರರಿಂದ ಹತ್ತು ಮೀಟರ್ ದೂರಕ್ಕೆ ನಿಂಬೆಹಣ್ಣಿನಷ್ಟೂ ಇಲ್ಲದ ಒಂದು ಮರದ ಗುಂಡು ಎಸೀತಾರೆ. ಅದಕ್ಕೆ ಫ್ರೆಂಚರು ಕೊಶೊನೆ ಅಂತಾರೆ, ಅಂದ್ರೆ ಹಂದಿಮರಿ. ಹಂದಿಮರಿ ಹತ್ತಿರ ಚೆಂಡು ನಿಲ್ಲಿಸೋದು ಒಂದು ಕೆಲಸ. ಎದುರಾಳಿ ಚೆಂಡಿಗೆ ಗುರಿಯಿಟ್ಟು ಹೊಡೆದು ಓಡಿಸೋದು ಇನ್ನೊಂದು ಕೆಲಸ. ಮೊದಲನೆಯದು ಮಾಡೋನು ನಾನು, ಅಂದ್ರೆ ಮುದುಕ.

ಈಗ ನನ್ನ ಒಂದೇ ಒಂದು ಮಾತು ಕೇಳಿ. ಹೊಡೆದದ್ದಕ್ಕೆ ಪಾಯಿಂಟಿಲ್ಲ. ನೆಲದ ಮೇಲೆ ಉಳಿದದ್ದಕ್ಕೆ ಪಾಯಿಂಟು.

ನಿಮ್ಮ ತಪ್ಪಲ್ಲ, ನಮ್ಮ ಗೋಲಿ ಆಟದ ತಪ್ಪು. ನಮ್ಮೂರಲ್ಲಿ ಹೊಡೆದ ಗೋಲಿ ನಮ್ಮ ಜೇಬಿಗೆ. ಸಂಜೆ ಮನೆಗೆ ಹೋಗುವಾಗ ಚಡ್ಡಿ ಜಾರೋಷ್ಟು ಗೋಲಿ ಇದ್ದೋನೇ ಹೀರೊ. ಅದೇ ತಲೇಲಿ ಇಟ್ಕೊಂಡು ಇಲ್ಲಿಗೆ ಬಂದ್ರೆ, ಅವನ ಚೆಂಡು ಆ ಕಡೆ, ನಿಮ್ಮ ಚೆಂಡೂ ಆ ಕಡೆ, ಜೇಬಿಗೆ ಬಂದದ್ದು ಸೊನ್ನೆ.

ಲೆಕ್ಕ ಹೇಗೆ ಅಂದ್ರೆ, ಎಲ್ಲ ಚೆಂಡು ಮುಗಿದ ಮೇಲೆ ಹಂದಿಮರಿಗೆ ಯಾರ ಚೆಂಡು ಹತ್ತಿರ ಅಂತ ನೋಡೋದು. ಆ ಸುತ್ತಿನ ಪಾಯಿಂಟೆಲ್ಲ ಅವರಿಗೇ. ಎಷ್ಟು? ಸೋತವರ ಅತಿ ಹತ್ತಿರದ ಚೆಂಡಿಗಿಂತ ಒಳಗೆ ಗೆದ್ದವರ ಚೆಂಡು ಎಷ್ಟಿವೆಯೋ ಅಷ್ಟು. ಸೋತವರಿಗೆ ಏನೂ ಇಲ್ಲ. ಹದಿಮೂರು ಮುಟ್ಟಿದವರು ಗೆದ್ದರು. ಇಟಲಿಯವರ ಬೊಚ್ಚೆ ಆಟದಲ್ಲೂ ಎಣಿಸೋದು ಹೀಗೇನೇ, ಚೆಂಡಿನ ಅಳತೆ, ಅಂಗಳ ಬೇರೆ ಅಷ್ಟೆ. ಅಲ್ಲಂತೂ ಪಂದ್ಯದ ನಿಯಮದಲ್ಲಿ ಯಾವ ಚೆಂಡಿಗೆ ಹೊಡೀತೀನಿ ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು. ನಮ್ಮ ಕಾಮೆಂಟ್ ಶೂರರು ಅಲ್ಲಿ ನಿಂತ್ರೆ ಬಾಯೇ ಬರಲ್ಲ.

ಹೋದ ಭಾನುವಾರದ ಕಥೆ ಹೇಳ್ತೀನಿ. ಇಬ್ಬಿಬ್ಬರ ಆಟ, ತಲಾ ಮೂರು ಚೆಂಡು. ನಾವು ಒಂಬತ್ತು, ಅವರು ಎಂಟು. ನನ್ನ ಜೊತೆಗೆ ಒಬ್ಬ ಹುಡುಗ, ಕಪ್ಪು ಕನ್ನಡಕ, ಹೊಡೆಯೋ ಹುಚ್ಚು. ಎದುರಿನ ಅಜ್ಜ ಮೊದಲ ಚೆಂಡನ್ನ ಹಂದಿಮರಿ ಮುಂದೆ ಒಂದು ಗೇಣು ಬಿಟ್ಟು ನಿಲ್ಲಿಸಿದರು. ಹಂದಿಮರಿಗೆ ಅವರ ಚೆಂಡೇ ಹತ್ತಿರ ಇರೋವರೆಗೂ ಎಸೀಬೇಕಾದವರು ನಾವು, ಅದು ನಿಯಮ. ಹುಡುಗ ಹೊಡೆದ, ತಪ್ಪಿತು. ಮತ್ತೆ ಹೊಡೆದ, ಮತ್ತೆ ತಪ್ಪಿತು. ಮೂರನೇ ಸಲ ಠಣ್! ಎಂಥ ಸದ್ದು ಅಂತೀರಿ. ಬೆಂಚಿನ ಮೇಲಿದ್ದವರು ಚಪ್ಪಾಳೆ. ಅಜ್ಜನ ಚೆಂಡು ನಾಲ್ಕು ಮೀಟರ್ ಆಚೆ. ಹುಡುಗನ ಚೆಂಡೂ ಅದರ ಹಿಂದೆಯೇ ಓಡಿಹೋಯ್ತು, ಮದುವೆ ಆದ ಹೊಸತರಲ್ಲಿ ಗಂಡ ಹೆಂಡತಿ ಹಿಂದೆ ಹೋದ ಹಾಗೆ.

ಈಗ ನೋಡಿ. ಅವರ ಒಂದು ಚೆಂಡು ಹೋಯ್ತು, ನಮ್ಮವು ಮೂರು ಹೋದವು. ಅವರ ಕೈಲಿ ಐದು, ನನ್ನ ಕೈಲಿ ಮೂರು. ಚಪ್ಪಾಳೆ ಮಾತ್ರ ನಮ್ಮದು.

ಅಜ್ಜ ಮೂವತ್ತು ಸೆಂಟಿಮೀಟರಿಗೆ ಒಂದು ಇಟ್ಟರು. ನಾನು ಕುಕ್ಕರಗಾಲಲ್ಲಿ ಕೂತು, ಮಧ್ಯೆ ಒಂದು ಕಲ್ಲಿದೆ ಅಂತ ನೋಡಿಕೊಂಡು, ಅದರಾಚೆ ಬೀಳೋ ಹಾಗೆ ಸ್ವಲ್ಪ ಎತ್ತರಿಸಿ ಬಿಟ್ಟೆ. ಇಪ್ಪತ್ತೈದಕ್ಕೆ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರ ಮುಂದಿನದು ನಲವತ್ತಕ್ಕೆ ನಿಂತಿತು, ಅದರ ಮುಂದಿನದು ಹದಿನೈದಕ್ಕೆ. ನನ್ನ ಎರಡನೆಯದು ಐವತ್ತಕ್ಕೆ. ಕೊನೆಯದನ್ನ, ಹೇಳೋಕೆ ನಾಚಿಕೆ, ನಾನೂ ಹೊಡೆಯೋಕೆ ಹೋದೆ. ಯಾವುದಕ್ಕೂ ತಗುಲದೆ ಆಚೆ ಹೋಯ್ತು. ಅವರು ಉಳಿದೆರಡನ್ನ ನಿಧಾನವಾಗಿ ಇಪ್ಪತ್ತು, ಇಪ್ಪತ್ತೆರಡಕ್ಕೆ ಇಟ್ಟರು.

ಟೇಪು ತಂದು ಅಳೆದ್ವಿ. ನನ್ನ ಇಪ್ಪತ್ತೈದರ ಒಳಗೆ ಅವರವು ಮೂರು. ಎಂಟಕ್ಕೆ ಮೂರು, ಹನ್ನೊಂದು. ಮೂವತ್ತರದ್ದು, ನಲವತ್ತರದ್ದು ಎರಡೂ ಲೆಕ್ಕಕ್ಕಿಲ್ಲ, ನನ್ನ ಚೆಂಡಿನ ಹಿಂದೆ ಉಳಿದವು. ಆ ಇಪ್ಪತ್ತೈದರ ಚೆಂಡು ಇರದೇ ಇದ್ದಿದ್ರೆ ನಮ್ಮ ಹತ್ತಿರದ ಚೆಂಡು ಐವತ್ತಕ್ಕೆ. ಅವರ ಐದೂ ಒಳಗೆ. ಎಂಟೂ ಐದೂ ಎಷ್ಟು? ಹದಿಮೂರು! ಆಟವೇ ಮುಗೀತಿತ್ತು. ನನಗೆ ಒಂದು ಪಾಯಿಂಟೂ ತರದ ಚೆಂಡು ಪಂದ್ಯ ಉಳಿಸ್ತು. ಇದಕ್ಕೆ ಲೈಕು ಒತ್ತೋಕೆ ಏನು ರೋಗ ನಿಮಗೆ? ಒತ್ತಿ, ಹಾಗೇ ಗಂಟೆ ಗುರುತೂ ಒತ್ತಿ.

ಈಗ ಬರ್ತಾರೆ, 'ಸಾರ್, ದೊಡ್ಡ ಪಂದ್ಯಗಳಲ್ಲಿ ಹೊಡೆಯೋರೇ ಗೆಲ್ಲೋದು' ಅಂತ. ಗೊತ್ತು ಸ್ವಾಮೀ. ನಮ್ಮ ಮಾರ್ಸೆಯಲ್ಲೇ 1962ರಿಂದ ದೊಡ್ಡ ಪಂದ್ಯ ನಡೀತಿದೆ, ಬೊರೆಲಿ ಪಾರ್ಕಲ್ಲಿ ನಿಂತು ನೋಡಿದೀನಿ. ಅವರು ಹೊಡೆದಾಗ ಎದುರಿನ ಚೆಂಡು ಹಾರಿ ಹೋಗತ್ತೆ, ಇವರದ್ದು ಅದರ ಜಾಗದಲ್ಲೇ ಕೂತ್ಕೊಳತ್ತೆ. ಕಾರೊ ಅಂತಾರೆ ಅದಕ್ಕೆ. ಅಲ್ಲೂ ಪಾಯಿಂಟು ಕೊಟ್ಟದ್ದು ಯಾವುದು? ಕೂತ ಚೆಂಡು! ಹೊಡೆದದ್ದಕ್ಕಲ್ಲ, ಉಳಿದದ್ದಕ್ಕೆ! ನನ್ನ ಮಾತನ್ನೇ ನನಗೆ ಹೇಳ್ತಿದೀರಿ ನೀವು.

'ಎದುರಾಳಿ ಚೆಂಡು ಹಂದಿಮರಿಗೆ ಅಂಟಿಕೊಂಡು ನಿಂತಿದ್ರೆ ಏನ್ಮಾಡ್ತೀರ?' ಹೊಡೀತೀನಿ. ಆಯ್ತಾ? ಅದಕ್ಕಿಂತ ಹತ್ತಿರ ಇಡೋಕೆ ಆಗಲ್ಲ, ಹೊಡೀತೀನಿ. ಅದು ತಿಂಗಳಿಗೊಮ್ಮೆ ಬರೋ ಏಕಾದಶಿ. ನೀವು ದಿನಾ ಉಪವಾಸ ಅಂತೀರಿ. ತಿಂಗಳಿಗೆ ಎರಡು ಏಕಾದಶಿ ಅಂತ ಬರೀಬೇಡಿ, ಗೊತ್ತು.

ಇನ್ನು 'ಮುದುಕರ ಕೆಲಸ'. ಈ ಆಟ ಹುಟ್ಟಿದ್ದೇ ಇಲ್ಲಿಂದ ಅರ್ಧ ಮುಕ್ಕಾಲು ಗಂಟೆ ದಾರಿ, ಲಾ ಸಿಯೋತಾ ಅನ್ನೋ ಊರಲ್ಲಿ, 1910ರ ಆಸುಪಾಸು. ಅದಕ್ಕೆ ಮುಂಚೆ ಹೊಡೆಯೋಕೆ ಮೂರು ಹೆಜ್ಜೆ ಓಡಬೇಕಿತ್ತು. ಅಲ್ಲೊಬ್ಬರು ಜೂಲ್ ಲೆನ್ವಾರ್ ಅಂತ, ಕೀಲುನೋವು, ಓಡೋಕೆ ಆಗ್ತಿರಲಿಲ್ಲ. ಅವರಿಗೋಸ್ಕರ ನಿಂತಲ್ಲೇ ಎರಡೂ ಕಾಲು ಊರಿ ಎಸೆಯೋ ಆಟ ಮಾಡಿದ್ರು. ಪೆತಾಂಕ್ ಅನ್ನೋ ಹೆಸರಿನ ಅರ್ಥವೂ ಕಾಲು ಊರಿ ಅಂತಲೇ. ಮಂಡಿನೋವಿನವರ ಆಟ ಅಪ್ಪಾ ಇದು! ಹೆಮ್ಮೆಯಿಂದ ಹೇಳ್ತೀನಿ. ನನಗೂ ಮಂಡಿನೋವು.

ಹೊಡೆದದ್ದಕ್ಕೆ ಪಾಯಿಂಟಿಲ್ಲ! ಬರೆದು ಫ್ರಿಜ್ ಮೇಲೆ ಅಂಟಿಸಿಕೊಳ್ಳಿ. ನಾನೇ ಸ್ಟಿಕ್ಕರ್ ಮಾಡಿಸಿದೀನಿ, ಮೆಂಬರ್ ಆದವರಿಗೆ ಕಳಿಸ್ತೀನಿ, ಅಂಚೆ ಖರ್ಚು ನಿಮ್ಮದು. ಹದಿಮೂರು ಸೊನ್ನೆ ಸೋತವರು ಇಲ್ಲಿ ಫಾನಿ ಅನ್ನೋ ಹೆಂಗಸಿನ ಚಿತ್ರದ ಹಿಂಭಾಗಕ್ಕೆ ಮುತ್ತು ಕೊಡಬೇಕು, ಅಂಥ ಪದ್ಧತಿ. ಆ ಕಾಮೆಂಟ್ ಹಾಕಿದವರು ಒಂದು ಸಲ ಬನ್ನಿ, ಚಿತ್ರ ಒರೆಸಿ ಇಟ್ಟಿರ್ತೀನಿ.

ಏನು? ಹಾಂ, ಆ ಹನ್ನೊಂದು ಒಂಬತ್ತರ ಆಟ ಏನಾಯ್ತು ಅಂತ ಕೇಳ್ತೀರ. ಸೋತ್ವಿ. ಮುಂದಿನ ಸುತ್ತಲ್ಲಿ ಅಜ್ಜ ನನ್ನ ಚೆಂಡು ಹೊಡೆದ್ರು. ಅದು ಬೇರೆ ವಿಷಯ. ಸಬ್‌ಸ್ಕ್ರೈಬ್ ಮಾಡಿ, ಹುಣಸೆಹಣ್ಣು ಮುಂದಿನ ವಾರ.