ಅಜ್ಜನ ಕೆನ್ನೆಯ ಮೇಲೆ ಕಾಫಿ ತೋಟ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ನಮ್ಮ ಒಕ್ಕದವರೆಲ್ಲ, ಅಂದರೆ ಕುಲದವರೆಲ್ಲ ಸೇರುವ ಹೊತ್ತಿಗೆ, ಹಿರಿಯರ ಮನೆಯಾದ ನಮ್ಮ ಐನ್‌ಮನೆಯ ಗೋಡೆಗೆ ಅಜ್ಜನ ಚಿತ್ರವೊಂದನ್ನು ತೂಗು ಹಾಕಬೇಕು ಅಂದುಕೊಂಡೆ. ಮನೆಯವರ 612 ಫೋಟೋಗಳನ್ನೇ ಜೋಡಿಸಿ ಮಾಡುವ ಮೊಸಾಯಿಕ್. ಅದರಲ್ಲಿ ನಾನು ಎರಡು ಸಲ ಎಡವಿದೆ. ಅದನ್ನೇ ಇವತ್ತು ಹೇಳ್ತೀನಿ.

ಚಿತ್ರ 24 ಇಂಚು ಅಗಲ, 30 ಇಂಚು ಎತ್ತರ. ಒಂದೊಂದು ಚೌಕ ಒಂದು ಇಂಚು ಇಟ್ಟರೆ 720 ಚೌಕ ಸಾಕು. ಹೆಚ್ಚುಕಡಿಮೆ ಎಲ್ಲರ ಫೋಟೋ ಒಂದೊಂದೇ ಸಲ ಬರುತ್ತೆ, ಆಸೆಯಾಯಿತು. ಆದರೆ ಚಿತ್ರದಲ್ಲಿ ಅಜ್ಜನ ಕಣ್ಣಿಗೆ ಎರಡು ಮೂರು ಚೌಕ ಮಾತ್ರ ಸಿಕ್ಕವು. ಅಂಗಳಕ್ಕೆ ಹೋಗಿ ನಿಂತು ನೋಡಿದರೂ ಅಜ್ಜ ಕಾಣಲಿಲ್ಲ. ಅರ್ಧ ಇಂಚಿಗೆ ಇಳಿಸಿದೆ. ಆಗ 48 × 60, ಅಂದರೆ 2880 ಚೌಕ. ಒಂದೊಂದು ಫೋಟೋ ಸುಮಾರು ಐದು ಸಲ ಬರುತ್ತೆ. ಒಂದೇ ಫೋಟೋ ಅಕ್ಕಪಕ್ಕ ಬಂದರೆ ಕಲೆಯಂತೆ ಕಾಣುತ್ತೆ, ಹಾಗಾಗಿ ನಡುವೆ ಆರು ಚೌಕವಾದರೂ ಇರಲಿ ಅಂತ ನಿಯಮ ಹಾಕಿದೆ. ಕಾಲು ಇಂಚಿಗೆ ಹೋದರೆ ಮುಖ ಇನ್ನೂ ಚೆಂದ ಬರುತ್ತಿತ್ತು, ಆದರೆ ಚೌಕದೊಳಗೆ ಯಾರಿದ್ದಾರೆ ಅಂತ ನೋಡಲು ಭೂತಗನ್ನಡಿ ಬೇಕಾಗುತ್ತಿತ್ತು. ಮತ್ತೆ ಫೋಟೋ ಯಾಕೆ ಹಾಕಬೇಕು, ಅಲ್ವಾ?

ಎರಡನೆಯದು ಬಣ್ಣ. ಅಜ್ಜನ ಕೆನ್ನೆಯ ನೆರಳಲ್ಲಿ ಹಸಿರು ಮಚ್ಚೆಗಳು ಬಂದವು. ನಮ್ಮ ಫೋಟೋಗಳಲ್ಲಿ ಅರ್ಧಕ್ಕರ್ಧ ತೋಟದವೇ, ಅದಕ್ಕೇ ಇರಬೇಕು ಅಂದುಕೊಂಡೆ. ನಿಜವಾದ ತಪ್ಪು ಲೆಕ್ಕದಲ್ಲಿತ್ತು.

ಪ್ರತಿ ಫೋಟೋದ ಸರಾಸರಿ ಬಣ್ಣವನ್ನು ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿಗಳಲ್ಲಿ ಬರೆದುಕೊಳ್ಳುತ್ತೇವೆ. ಚೌಕಕ್ಕೆ ಬೇಕಾದ ಬಣ್ಣಕ್ಕೆ ಯಾವ ಫೋಟೋ ಹತ್ತಿರವೋ ಅದು ಅಲ್ಲಿ ಕೂರುತ್ತೆ. ಕೆನ್ನೆಯ ಆ ಚೌಕಕ್ಕೆ ಬೇಕಿದ್ದದ್ದು 150, 120, 100. ತೋಟದ ಒಂದು ಫೋಟೋ 125, 130, 95. ಅತ್ತೆಯ ಮುಖದ ಇನ್ನೊಂದು ಫೋಟೋ 175, 145, 125. ಈ ಅಂಕಿಗಳ ದೂರ ಅಳೆದರೆ ತೋಟ 27, ಅತ್ತೆ 43. ತೋಟವೇ ಗೆಲ್ಲುತ್ತೆ! ಆದರೆ ಅತ್ತೆಯ ಫೋಟೋ ಬೇಕಿದ್ದ ಬಣ್ಣವೇ, ಸ್ವಲ್ಪ ತಿಳಿಯಾಗಿದೆ ಅಷ್ಟೇ. ತೋಟ ಬೇರೆ ಬಣ್ಣ. ನಮ್ಮ ಕಣ್ಣು ತಿಳಿಯಾದದ್ದನ್ನು ಸಹಿಸುತ್ತೆ, ಚರ್ಮದ ಮೇಲೆ ಹಸಿರನ್ನು ಸಹಿಸೋದಿಲ್ಲ. ಲ್ಯಾಬ್ ಅನ್ನೋ ಇನ್ನೊಂದು ಅಳತೆಯಲ್ಲಿ ಬೆಳಕು ಬೇರೆ, ಬಣ್ಣ ಬೇರೆ. ಅದರಲ್ಲಿ ಲೆಕ್ಕ ಹಾಕಿದಾಗ ತೋಟ ಸುಮಾರು 17, ಅತ್ತೆ 10ರ ಆಸುಪಾಸು. ಮಚ್ಚೆ ಹೋಯಿತು.

ಉಳಿದದ್ದು ತೀರಾ ಕಪ್ಪು, ತೀರಾ ಬಿಳಿ. ಯಾವ ಫೋಟೋ ತೆಗೆದುಕೊಂಡರೂ ಸರಾಸರಿ ನಡುವಿಗೇ ಬಂದು ನಿಲ್ಲುತ್ತೆ. ಸುಮ್ನೆ ಮೇಲೆ ಬಣ್ಣ ಬಳಿಯಬಹುದು, ಆದರೆ ಜಾಸ್ತಿಯಾದರೆ ಎಲ್ಲರ ಮುಖವೂ ಮಬ್ಬು. ನಾನು ಕತ್ತರಿ ಹಿಡಿದೆ. ನರೆತ ಕೂದಲಿಗೆ ಮಳೆಗಾಲದ ಮಂಜಿನ ಫೋಟೋಗಳ ಮೇಲ್ಭಾಗ ಸಿಕ್ಕಿತು. ಹುಬ್ಬಿಗೆ, ಮದುವೆಗೆ ಬಂದಿದ್ದ ಚಿಕ್ಕಪ್ಪಂದಿರ ಕಪ್ಪು ನಿಲುವಂಗಿ ಕುಪ್ಯದ ಎದೆಭಾಗ. ಹತ್ತಿರ ಹೋದರೆ ಅಲ್ಲಿ ಸೊಂಟದ ಪೀಚೆಕತ್ತಿಯ ಹಿಡಿಯೂ ಕಾಣುತ್ತೆ.