ಅಸಲು ವಾಪಸ್ ಬಂದ ಮೇಲೆ ಏನು?

ತುಮಕೂರಿನಲ್ಲಿ ಹೊಸ ಮಿಷಿನ್ ಮಾತು ಬಂದರೆ ಮಾಲೀಕರು ಮೊದಲು ಕೇಳೋದು ಒಂದೇ: ‘ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ?’ ಇದೇ ಪೇಬ್ಯಾಕ್. ಕೇಳಲೇಬೇಕಾದ ಪ್ರಶ್ನೆ ಇದು. ಆದರೆ ಇದೊಂದರ ಉತ್ತರ ನೋಡಿ ಚೆಕ್ಕಿಗೆ ಸಹಿ ಹಾಕಬಾರದು ಅಂತೀನಿ ನಾನು.

ವಸಂತನರಸಾಪುರದಲ್ಲಿ ಒಂದು ಸಣ್ಣ ಕಾರ್ಖಾನೆ ಅಂದುಕೊಳ್ಳಿ. ಮ್ಯಾನೇಜರ್ ಕೈಯಲ್ಲಿ 10 ಲಕ್ಷ ಇದೆ. ಅದರಲ್ಲಿ ಒಂದು ಆರ್ಡರ್‌ಗೋಸ್ಕರ ಮಿಷಿನ್ ಹಾಕಬಹುದು. ವರ್ಷಕ್ಕೆ 4 ಲಕ್ಷದಂತೆ 3 ವರ್ಷ ಬರುತ್ತೆ, ಆಮೇಲೆ ಮಿಷಿನ್ ಗುಜರಿಗೆ. ಇಲ್ಲಾಂದ್ರೆ ಚಾವಣಿ ಮೇಲೆ ಸೋಲಾರ್ ಕೂರಿಸಬಹುದು. ಕರೆಂಟ್ ಬಿಲ್ಲಿನಲ್ಲಿ ವರ್ಷಕ್ಕೆ 2.5 ಲಕ್ಷ ಉಳಿಯುತ್ತೆ. ಕಡಿಮೆ ಅಂದ್ರೂ 10 ವರ್ಷ ಹಿಡಿಯೋಣ.

ಪೇಬ್ಯಾಕ್ ಪ್ರಕಾರ ಮಿಷಿನ್ ದುಡ್ಡು ಎರಡೂವರೆ ವರ್ಷಕ್ಕೆ ವಾಪಸ್, ಸೋಲಾರ್‌ದು 4 ವರ್ಷಕ್ಕೆ. ಮಿಷಿನ್ ಗೆದ್ದಂಗೆ ಕಾಣುತ್ತೆ.

ಈಗ ಕಾರ್ಖಾನೆ ತನ್ನ ಸಾಲಕ್ಕೆ ಕಟ್ಟೋ ಬಡ್ಡಿ 12 ಪರ್ಸೆಂಟ್ ಅನ್ನಿ, ಅದನ್ನೇ ಈ ದುಡ್ಡಿಗೂ ಹಿಡಿಯಿರಿ. ಮುಂದಿನ ವರ್ಷದ 4 ಲಕ್ಷ ಇವತ್ತಿನ ಲೆಕ್ಕಕ್ಕೆ 3.57 ಲಕ್ಷ, ಯಾಕಂದ್ರೆ ಇವತ್ತಿನ 3.57 ಲಕ್ಷವೇ ಬಡ್ಡಿ ಸೇರಿ ವರ್ಷಕ್ಕೆ 4 ಲಕ್ಷ ಆಗುತ್ತೆ. ಎರಡನೇ ವರ್ಷದ್ದು 3.19, ಮೂರನೇದು 2.85. ಕೂಡಿಸಿದರೆ 9.61 ಲಕ್ಷ. ಎರಡೂವರೆ ವರ್ಷಕ್ಕೆ ಬರುತ್ತೆ ಅಂದ ಅಸಲು ಬರಲೇ ಇಲ್ಲ! ಹೀಗೆ ಬಡ್ಡಿ ಕಳೆದು ಎಣಿಸೋದೇ ಡಿಸ್ಕೌಂಟೆಡ್ ಪೇಬ್ಯಾಕ್. ಮೊದಲ ಲೆಕ್ಕ ಮುಚ್ಚಿಟ್ಟ ನಷ್ಟವನ್ನ ಇದು ಹಿಡಿದುಕೊಡ್ತು.

ಆದರೆ ಇದಕ್ಕೂ ಒಂದು ಕಣ್ಣು ಕುರುಡು. ಸೋಲಾರ್‌ನ ದುಡ್ಡು ಹೀಗೆ ಎಣಿಸಿದರೆ ಸುಮಾರು 5.8 ವರ್ಷಕ್ಕೆ ವಾಪಸ್. ‘5 ವರ್ಷ ದಾಟಿದರೆ ಬೇಡ’ ಅಂತ ಆಫೀಸಿನಲ್ಲಿ ನಿಯಮ ಇದ್ದರೆ ಅದೂ ಔಟ್. ಆದರೆ 10 ವರ್ಷದ ಉಳಿತಾಯ ಇವತ್ತಿನ ಲೆಕ್ಕಕ್ಕೆ 14.13 ಲಕ್ಷ, ಅಂದ್ರೆ ಬಡ್ಡಿಯೆಲ್ಲ ಕಳೆದು 4.13 ಲಕ್ಷ ಲಾಭ. ಅಸಲು ಬಂದ ಮೇಲಿನ ವರ್ಷಗಳನ್ನ ಎರಡು ಲೆಕ್ಕವೂ ನೋಡೋದೇ ಇಲ್ಲ. ಆ 5 ವರ್ಷದ ಗೆರೆ ಎಳೆದೋರು ಯಾರು, ಯಾಕೆ ಅಂದರೆ ಉತ್ತರ ಸಿಗೋದು ಅಪರೂಪ. ನಮ್ಮ ತಿಪಟೂರಿನ ಕಡೆ ಹಿರಿಯರು ಇದೇ ಗೆರೆ ಹಿಡಿದಿದ್ದರೆ, ಫಲಕ್ಕೆ ಬರೋಕೆ ಆರೇಳು ವರ್ಷ ಹಿಡಿಯೋ ತೆಂಗಿನ ಸಸಿ ನೆಡ್ತಾನೇ ಇರಲಿಲ್ಲ.

ಹಾಗಾದರೆ ಇದನ್ನ ಬಿಟ್ಟೇಬಿಡೋದಾ? ಇಲ್ಲ. ಗೆರೆಗೆ ನಿಜವಾದ ಕಾರಣ ಇದ್ದಾಗ ಇದು ಬೇಕೇ ಬೇಕು. ತಿಂಗಳ ಸಂಬಳಕ್ಕೇ ಕೈ ಬಿಗಿಯಾಗಿರೋ ಕಡೆ, ಎಂಟನೇ ವರ್ಷದ ಲಾಭ ಕಾಯೋಕೆ ಕಾರ್ಖಾನೆ ಉಳಿದಿರಬೇಕಲ್ಲ. ಅಥವಾ ಶೆಡ್ ಬಾಡಿಗೇದು, ಕರಾರು ಇನ್ನು 5 ವರ್ಷ ಮಾತ್ರ ಅನ್ನಿ. ಆಗ 5.8 ಅನ್ನೋದು ದೊಡ್ಡ ಎಚ್ಚರಿಕೆ. ಆ 5 ವರ್ಷದಲ್ಲಿ ಬಡ್ಡಿ ಕಳೆದು ವಾಪಸ್ ಬಂದಿರೋದು 9 ಲಕ್ಷ ಮಾತ್ರ.

ನಾನಾಗಿದ್ದರೆ ಮೊದಲು ಶೆಡ್ ಮಾಲೀಕರ ಹತ್ತಿರ ಕೂತು 10 ವರ್ಷದ ಕರಾರು ಕೇಳ್ತೀನಿ. ಕೊಡಲ್ಲ ಅಂದರೆ, 5 ವರ್ಷ ಆದ ಮೇಲೆ ಪ್ಯಾನೆಲ್ ಬಿಚ್ಚಿ ಮಾರಿದರೆ, ಬಿಚ್ಚೋ ಖರ್ಚು ಕಳೆದು ಸುಮಾರು 1.75 ಲಕ್ಷ ಸಿಗುತ್ತಾ ಅಂತ ವಿಚಾರಿಸ್ತೀನಿ. ವಾಪಸ್ ಬರದೆ ಉಳಿದ ಸುಮಾರು 1 ಲಕ್ಷ, 5 ವರ್ಷದ ಬಡ್ಡಿ ಸೇರಿ ಅಷ್ಟಾಗುತ್ತೆ. ಸಿಗೋ ಹಾಗಿದ್ದರೆ ಸೋಲಾರ್. ಇಲ್ಲಾಂದ್ರೆ ಎರಡೂ ಬೇಡ, 10 ಲಕ್ಷ ಸಾಲದ ಖಾತೆಗೆ ಕಟ್ಟಿಬಿಡ್ತೀನಿ.